ನಮ್ಮ ತಟ್ಟೆಯಲ್ಲಿ ಏನಿದೆ? – 8ನೇ ತರಗತಿ ವಿಜ್ಞಾನ, ಅಭ್ಯಾಸ ಹಾಳೆ

ಯಾದಗಿರಿ ಜಿಲ್ಲೆ | ಸಮಯ: 30 ನಿಮಿಷ | ಅಂಕ: 10

ಮಕ್ಕಳೇ, ಮೊದಲು ಇದನ್ನು ಓದಿ.

ಜೋಳದ ರೊಟ್ಟಿ ಶಕ್ತಿ ಕೊಡುತ್ತದೆ. ತೊಗರಿ ಬ್ಯಾಳಿ ಮೈ ಬೆಳೆಸುತ್ತದೆ. ಪುಂಡಿಪಲ್ಲೆ, ಹಣ್ಣು, ಮೊಸರು ರೋಗದಿಂದ ಕಾಪಾಡುತ್ತವೆ. ಎಲ್ಲವೂ ಸೇರಿದರೇ ಸಮತೋಲಿತ ಆಹಾರ.

ವಿಟಮಿನ್ ಎ ಕಡಿಮೆಯಾದರೆ ಇರುಳುಗುರುಡು, ಬಿ1 ಕಡಿಮೆಯಾದರೆ ಬೆರಿಬೆರಿ, ಸಿ ಕಡಿಮೆಯಾದರೆ ಸ್ಕರ್ವಿ, ಡಿ ಕಡಿಮೆಯಾದರೆ ರಿಕೆಟ್ಸ್. ನಮ್ಮ ಕಡೆಯವರು ಪೆಲಾಗ್ರಾ ಬಗ್ಗೆ ಚೆನ್ನಾಗಿ ತಿಳಿಯಬೇಕು. ಇದು ನಯಾಸಿನ್, ಅಂದರೆ ಬಿ3 ಕೊರತೆ. ಬರೀ ಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಹಿಂದೆ ಇದು ಕಾಣುತ್ತಿತ್ತು. ಬಿಸಿಲು ಬೀಳುವ ಕೈ, ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿಯಾಗುತ್ತದೆ. ತಪ್ಪು ಜೋಳದ್ದಲ್ಲ! ರೊಟ್ಟಿ ಬಿಡಬೇಡಿ, ಜೊತೆಗೆ ಶೇಂಗಾ ಹಿಂಡಿ ಹಚ್ಚಿಕೊಳ್ಳಿ. ಶೇಂಗಾದಲ್ಲಿ ನಯಾಸಿನ್ ಜಾಸ್ತಿ.

13–15 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 2860, ಹುಡುಗಿಯರಿಗೆ 2400 ಕಿಲೋ ಕ್ಯಾಲೊರಿ ಬೇಕು. 1 ಗ್ರಾಂ ಕಾರ್ಬೋಹೈಡ್ರೇಟ್ ಅಥವಾ ಪ್ರೋಟೀನ್ 4, ಕೊಬ್ಬು 9 ಕಿಲೋ ಕ್ಯಾಲೊರಿ ಕೊಡುತ್ತವೆ.

ಪ್ರಶ್ನೆಗಳು

1. ನಿನ್ನೆ ನೀವು ಉಂಡದ್ದನ್ನೆಲ್ಲ ಬರೆಯಿರಿ. ಯಾವುದು ಕಡಿಮೆ ಇತ್ತು? ಸುಮ್ನೆ ಚೆಂದಕ್ಕೆ ಬರೆಯಬೇಡಿ, ನಿಜ ಬರೆಯಿರಿ. (3)

2. ಸಂಜೆಯಾದರೆ ಗೆಳತಿಗೆ ದಾರಿ ಕಾಣುವುದಿಲ್ಲ. ಯಾವ ವಿಟಮಿನ್ ಕಡಿಮೆ ಇರಬಹುದು? ನುಗ್ಗೆಸೊಪ್ಪು ಏಕೆ ಒಳ್ಳೆಯದು? (2)

3. ರೊಟ್ಟಿಯ ಜೊತೆ ಶೇಂಗಾ ಏಕೆ ಬೇಕು? (2)

4. ಒಂದು ಊಟದಲ್ಲಿ 100 ಗ್ರಾಂ ಕಾರ್ಬೋಹೈಡ್ರೇಟ್, 20 ಗ್ರಾಂ ಪ್ರೋಟೀನ್, 10 ಗ್ರಾಂ ಕೊಬ್ಬು ಇದೆ. ಒಟ್ಟು ಶಕ್ತಿ ಎಷ್ಟು? ಲೆಕ್ಕ ತೋರಿಸಿ. (3)

ಉತ್ತರ 4: 400 + 80 + 90 = 570 ಕಿಲೋ ಕ್ಯಾಲೊರಿ. ಮೊದಲು ನೀವೇ ಮಾಡಿ, ಆಮೇಲೆ ನೋಡಿ.