ಜಿಎಸ್‌ಟಿ ಡೆಸ್ಕ್ ಗ್ರೂಪಿಗೆ ಏನು ಹಾಕಬೇಕು, ಏನು ಬೇಡ

ಎಲ್ಲರಿಗೂ ನಮಸ್ಕಾರ.

11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಈ ಎರಡು ತಾರೀಖುಗಳ ಹಿಂದುಮುಂದೆ ಕ್ಲೈಂಟ್‌ಗಳ ಬಿಲ್‌ಗಳು ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತಿವೆ. ಸೋಮವಾರದಿಂದ ಹೀಗೆ ಮಾಡೋಣ.

ಕೆಲಸದ ಮೆಸೇಜಿನಲ್ಲಿ ಕ್ಲೈಂಟ್ ಕೋಡ್, ತಿಂಗಳು, ಆಗಬೇಕಾದ್ದು, ಯಾರು, ಎಷ್ಟು ಗಂಟೆಯೊಳಗೆ, ಇಷ್ಟೂ ಒಂದೇ ಮೆಸೇಜಿನಲ್ಲಿ ಇರಲಿ. ಉದಾಹರಣೆಗೆ: "ಕೆ-47, ಸೆಪ್ಟೆಂಬರ್, ಬಿಲ್ 112ರ ಜಿಎಸ್‌ಟಿಐಎನ್ ತಪ್ಪಿದೆ, ಫ್ರಂಟ್ ಡೆಸ್ಕ್‌ನವರು ಕ್ಲೈಂಟ್‌ಗೆ ಫೋನ್ ಮಾಡಿ ಕೇಳಬೇಕು, ಇಂದು 4ರೊಳಗೆ." ನೋಡಿದವರು ಥಂಬ್ಸ್‌ಅಪ್ ಒತ್ತಿದರೆ ಸಾಕು, ಎಂಟು ಜನ "ಓಕೆ ಸರ್" ಬರೆಯುವುದು ಬೇಡ. ಫೈಲ್ ಆದ ಮೇಲೆ ಅದೇ ಮೆಸೇಜಿಗೆ ರಿಪ್ಲೈ ಮಾಡಿ ಎಆರ್‌ಎನ್ ಹಾಕಿ.

ಬಿಲ್‌ಗಳನ್ನು ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೋ ಕುಗ್ಗಿ ಮಸುಕಾದರೆ 8 ಹೋಗಿ 3 ಅಂತ ಓದಿಸಿಕೊಳ್ಳುತ್ತದೆ. 15 ಅಕ್ಷರದ ಜಿಎಸ್‌ಟಿಐಎನ್ ತಪ್ಪಾಗಿ ಹೋದರೆ ಆ ಬಿಲ್ ಖರೀದಿದಾರರ 2ಬಿಯಲ್ಲಿ ಕಾಣುವುದಿಲ್ಲ, ಅವರ ಕ್ರೆಡಿಟ್ ನಿಲ್ಲುತ್ತದೆ, ಬೈಗುಳ ನಮಗೆ.

ಪೋರ್ಟಲ್ ಕೈಕೊಟ್ಟರೆ ಸಮಯ ಮತ್ತು ಎರರ್ ಎರಡೂ ಕಾಣುವ ಸ್ಕ್ರೀನ್‌ಶಾಟ್ ಗ್ರೂಪಿಗೇ ಬರಲಿ.

"ಕೊನೆ ದಿನಾಂಕ ಮುಂದಕ್ಕೆ ಹೋಗಿದೆ" ಎಂಬ ಫಾರ್ವರ್ಡ್‌ಗಳನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ನೋಟಿಫಿಕೇಶನ್ ಸಂಖ್ಯೆ ನೋಡಿ, ಸಿಬಿಐಸಿ ಸೈಟಿನಲ್ಲಿ ತೆಗೆದು ಇಸವಿ ಸಹಿತ ಪರೀಕ್ಷಿಸಿ, ಆಮೇಲೆ ಹಾಕಿ. ಹಿಂದಿನ ವರ್ಷಗಳ ಆದೇಶಗಳೇ ಮತ್ತೆ ಮತ್ತೆ ತಿರುಗುತ್ತಿರುತ್ತವೆ. ಅದನ್ನು ನಂಬಿ ಒಬ್ಬರು ಕೆಲಸ ನಿಲ್ಲಿಸಿದರೂ ಲೇಟ್ ಫೀ ಬೀಳುತ್ತದೆ.

ಒಟಿಪಿ, ಪಾಸ್‌ವರ್ಡ್, ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಯಾವ ಕಾರಣಕ್ಕೂ ಗ್ರೂಪಿಗೆ ಬರಬಾರದು. ಒಟಿಪಿಯನ್ನು ಫೋನಿನಲ್ಲಿ ಹೇಳಿಸಿಕೊಳ್ಳಿ, ಉಳಿದದ್ದು ಆಫೀಸ್ ಡ್ರೈವ್‌ನಲ್ಲಿ ಆ ಕ್ಲೈಂಟ್‌ನ ಫೋಲ್ಡರಿಗೆ. ಗ್ರೂಪಿಗೆ ಬಂದ ಚಿತ್ರ ಹಲವರ ಗ್ಯಾಲರಿಗೆ ತಾನಾಗಿಯೇ ಸೇರುತ್ತದೆ, ಮನೆಯ ಮಕ್ಕಳೂ ಅದೇ ಫೋನ್ ಹಿಡಿಯುತ್ತಾರೆ. ಕೆಲಸ ಬಿಟ್ಟವರನ್ನು ಗ್ರೂಪಿನಿಂದ ತೆಗೆದರೂ ಅವರ ಫೋನಿನಲ್ಲಿದ್ದದ್ದು ಅಲ್ಲೇ ಇರುತ್ತದೆ.

ರಜೆ ಕೇಳುವುದು ನನಗೆ ನೇರವಾಗಿ. ಬೆಳಿಗ್ಗೆ ದಿಢೀರನೆ ಬರಲಾಗದಿದ್ದರೆ 9.30ರೊಳಗೆ "ಇಂದು ಇರುವುದಿಲ್ಲ, ಕೆ-12 ಬಾಕಿ ಇದೆ" ಎಂದು ಗ್ರೂಪಿನಲ್ಲಿ ಒಂದು ಸಾಲು ಹಾಕಿ, ಕೆಲಸ ಬೇರೆಯವರಿಗೆ ಹಂಚಬೇಕಾಗುತ್ತದೆ. ಯಾವ ಕಾಯಿಲೆ ಎಂದು ಬರೆಯಬೇಕಿಲ್ಲ.

ಎಂಟ್ರಿ ತಪ್ಪಿದ್ದರೆ ಯಾವ ಬಿಲ್, ಏನು ತಪ್ಪು ಎಂದಷ್ಟೇ ಗ್ರೂಪಿನಲ್ಲಿ ಬರೆಯಿರಿ. ಮಾಡಿದವರ ಹೆಸರು ಬೇಡ, ಅವರ ಜೊತೆ ಮಾತಾಡುವುದು ನನ್ನ ಕೆಲಸ.

ಹುಟ್ಟುಹಬ್ಬ, ಊಟದ ಆರ್ಡರ್, ಹಬ್ಬದ ಫೋಟೋ, ತಮಾಷೆ ಎಲ್ಲವೂ "ಕಾಫಿ ಕಟ್ಟೆ" ಗ್ರೂಪಿಗೆ. ರಾಜಕೀಯ, ಚೀಟಿ, ಸೈಟ್ ಮಾರಾಟ ಎರಡೂ ಗ್ರೂಪಿಗೆ ಬೇಡ.

ಸಂಜೆ 7ರ ನಂತರ 10, 11, 19, 20ನೇ ತಾರೀಖು ಬಿಟ್ಟು ಮೆಸೇಜ್ ಬೇಡ. ತುರ್ತಿದ್ದರೆ ಫೋನ್ ಮಾಡಿ.

ಈಗಾಗಲೇ ಗ್ರೂಪಿಗೆ ಬಂದಿರುವ ಆಧಾರ್, ಸ್ಟೇಟ್‌ಮೆಂಟ್‌ಗಳು ಡ್ರೈವ್‌ಗೆ ಸೇರಿವೆಯೇ ನೋಡಿಕೊಂಡು, ಶನಿವಾರದೊಳಗೆ ಚಾಟ್ ಮತ್ತು ಗ್ಯಾಲರಿ ಎರಡರಿಂದಲೂ ಅಳಿಸಿ.

ತಂಡದ ಲೀಡ್, ಜಿಎಸ್‌ಟಿ ಡೆಸ್ಕ್