ಕಪ್ಪು ಬೆಲ್ಲವೇ ಶುದ್ಧ ಬೆಲ್ಲವೇ? ಆಲೆಮನೆಯಿಂದ ಒಂದು ಮಾತು

ನಮಸ್ಕಾರ ಮೇಡಂ. ಬೆಲ್ಲದಲ್ಲಿ ಗಂಧಕದ ಅಂಶದ ಬಗ್ಗೆ ನೀವು ಬರೆದದ್ದನ್ನು ನಮ್ಮ ತಂದೆಯವರಿಗೂ ಓದಿ ಹೇಳಿದೆ. ಮದ್ದೂರು ತಾಲ್ಲೂಕಿನಲ್ಲಿ ನಮ್ಮದೊಂದು ಆಲೆಮನೆ ಇದೆ. ನಾನು ಅದನ್ನು ನೋಡಿಕೊಳ್ಳತೊಡಗಿ ನಾಲ್ಕು ವರ್ಷವಾಯಿತು. ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ ಮೀರಬಾರದೆಂಬ ನಿಯಮವನ್ನು ನೀವು ನೆನಪಿಸಿದ್ದೀರಿ. ಆ ಅಳತೆ ಕೊಪ್ಪರಿಗೆಯ ಬಳಿ ನಿಂತವನಿಗೆ ಗೊತ್ತೇ ಇರುವುದಿಲ್ಲ. ಪಾಕ ಇಳಿಸುವ ಹೊತ್ತಿಗೆ, ಬೆಲ್ಲದ ಬಣ್ಣ ತಿಳಿಯಾಗಿಸುವ ಗಂಧಕದ ರಾಸಾಯನಿಕವಾದ ಹೈಡ್ರೋಸ್ ಪುಡಿಯನ್ನು ಹಿಡಿಯ ಲೆಕ್ಕದಲ್ಲಿ ಎರಚುತ್ತಾರೆ, ತಕ್ಕಡಿಯ ಲೆಕ್ಕದಲ್ಲಲ್ಲ. ಆದ್ದರಿಂದ ನಿಮ್ಮ ಎಚ್ಚರಿಕೆಗೆ ನನ್ನ ಪೂರ್ಣ ಒಪ್ಪಿಗೆ ಇದೆ.

‘ಬಣ್ಣ ಕಪ್ಪಾದಷ್ಟೂ ಬೆಲ್ಲ ಶುದ್ಧ’ ಎಂಬ ನಿಮ್ಮ ಒಂದು ಸಾಲಿನ ಬಗ್ಗೆ ಮಾತ್ರ ತಕರಾರಿದೆ.

ಹೋದ ಹಂಗಾಮಿನಲ್ಲಿ ಒಂದೇ ಗದ್ದೆಯ ಕಬ್ಬು, ಕೋ 86032 ತಳಿ, ಎರಡು ಕೊಪ್ಪರಿಗೆಗೆ ಹೋಯಿತು. ಮೊದಲ ಹೊರೆಯನ್ನು ಕಡಿದ ದಿನ ಸಂಜೆಯೇ ಗಾಣಕ್ಕೆ ಕೊಟ್ಟೆವು. ಅಷ್ಟರಲ್ಲಿ ಮೋಟಾರು ಸುಟ್ಟಿತು. ಉಳಿದ ಕಬ್ಬು ಮೂರು ದಿನ ಬಿಸಿಲಿನಲ್ಲಿ ಬಿದ್ದಿತ್ತು. ಎರಡಕ್ಕೂ ಹೈಡ್ರೋಸ್ ಹಾಕಿರಲಿಲ್ಲ. ಮೊದಲನೆಯದು ಜೇನಿನ ಬಣ್ಣದ್ದಾಗಿ, ಅಚ್ಚಿನಲ್ಲಿ ಗಟ್ಟಿಯಾಗಿ ಕೂತಿತು. ಎರಡನೆಯದು ಕಡು ಕಂದು. ಕೈಗೆ ಅಂಟುವ ಮೆದು ಬೆಲ್ಲ. ಕಡಿದ ಕಬ್ಬು ಅರೆಯದೆ ಬಿದ್ದರೆ ಅದರ ಸಕ್ಕರೆಯಾದ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಅದರಿಂದಲೇ ಬೆಲ್ಲ ಮೆದುವಾಗಿ ಕಪ್ಪಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಬಣ್ಣವನ್ನೇ ನಂಬಿದರೆ, ನಮ್ಮ ಎಡವಟ್ಟಿನಿಂದ ಹುಟ್ಟಿದ ಎರಡನೆಯ ಬೆಲ್ಲವೇ ಶ್ರೇಷ್ಠವೆನಿಸುತ್ತದೆ. ಬೆಂಗಳೂರಿನಿಂದ ಬಂದಿದ್ದ ಒಬ್ಬರು ನಿಜಕ್ಕೂ ಹಾಗೆಯೇ ಅಂದುಕೊಂಡು, ಸಂತೋಷದಿಂದ ಹತ್ತು ಕೆ.ಜಿ. ಕೊಂಡೊಯ್ದರು. ನಾನೂ ಸುಮ್ಮನಿರಲಿಲ್ಲ, ವಿಷಯ ಹೇಳಿದೆ. ಅವರು ನಂಬಲಿಲ್ಲ!

ಕಪ್ಪಾಗಲು ಬೇರೆ ದಾರಿಗಳೂ ಇವೆ. ಕೊಳವೆ ಬಾವಿಯ ಉಪ್ಪು ನೀರು ಕುಡಿದ ಕಬ್ಬು, ಕಟಾವು ಹತ್ತಿರವಿದ್ದರೂ ಯೂರಿಯಾ ಸುರಿದ ಗದ್ದೆ, ತಳ ಹತ್ತಿದ ಪಾಕ. ಸುಣ್ಣವೂ ಅಷ್ಟೇ. ರಸದ ಹುಳಿ ಮುರಿಯಲು ಸುಣ್ಣದ ತಿಳಿ ಬೇಕು, ಆದರೆ ಒಂದು ಚೊಂಬು ಹೆಚ್ಚಾದರೂ ಬೆಲ್ಲ ಕರ್ರಗಾಗುತ್ತದೆ. ನಾವು ಈಗ ಪಿಎಚ್ ಕಾಗದ ಅದ್ದಿ, 6ರ ಸುತ್ತ ನಿಲ್ಲಿಸುತ್ತೇವೆ. ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕುತ್ತೇವೆ. ಅದು ತಂದೆಯವರ ಕಾಲದ ರೂಢಿ, ನಡುವೆ ನಾವೇ ಬಿಟ್ಟಿದ್ದೆವು. ಬಿಡಲು ಕಾರಣವನ್ನೂ ಹೇಳಿಬಿಡುತ್ತೇನೆ: ಲೋಳೆ ಹಾಕಿದರೆ ಕೊಳೆ ಮೇಲೆ ಬರುವವರೆಗೆ ಒಬ್ಬ ಆಳು ಜಾಲರಿ ಹಿಡಿದು ಅಲ್ಲೇ ನಿಂತಿರಬೇಕು. ಹೈಡ್ರೋಸ್ ಎರಚಿದರೆ ಕೊಳೆ ಪೂರ್ತಿ ತೆಗೆಯದಿದ್ದರೂ ಬೆಲ್ಲ ಹಳದಿಯಾಗಿ ಕಾಣುತ್ತದೆ. ಮಂಡಿಯಲ್ಲಿ ಬೆಲೆ ನಿಲ್ಲುವುದು ಆ ಹಳದಿಯ ಮೇಲೆ. ‘ರೈತರು ಆಸೆಗೆ ಬಿದ್ದು’ ಎಂದು ನೀವು ಬರೆದ ಕಡೆ ಈ ಆಳಿನ ಕೂಲಿಯ ಲೆಕ್ಕವನ್ನೂ ಸೇರಿಸಿಕೊಳ್ಳಬೇಕೆಂದು ಕೋರುತ್ತೇನೆ.

ನನಗೆ ಭಯವಿರುವುದು ಇನ್ನೊಂದು ಕಡೆ. ಪೇಟೆಯವರು ಕಪ್ಪು ಬೆಲ್ಲ ಕೇಳತೊಡಗಿದ ಮೇಲೆ, ಹಳೆಯ ಒಡೆದ ಬೆಲ್ಲಕ್ಕೆ ಸಕ್ಕರೆ ಬೆರೆಸಿ ಮತ್ತೆ ಕಾಯಿಸಿ, ಕಪ್ಪಾಗಿಸಿ, ‘ಸಾವಯವ’ ಎಂದು ಮಾರುವುದನ್ನು ಕಣ್ಣಾರೆ ಕಂಡಿದ್ದೇನೆ. ಬಣ್ಣವೇ ಗುರುತೆಂದು ನಾವೇ ಹೇಳಿಕೊಟ್ಟರೆ ಆ ಗುರುತನ್ನು ತಯಾರಿಸುವುದು ಹಾಗೆ ಮಾರುವವರಿಗೆ ಕಷ್ಟವೇ? ಅದಕ್ಕಿಂತ ‘ಕಬ್ಬು ಕಡಿದು ಎಷ್ಟು ಹೊತ್ತಿಗೆ ಅರೆದಿರಿ, ರಸ ತಿಳಿಗೊಳಿಸಲು ಏನು ಹಾಕಿದಿರಿ’ ಎಂದು ಕೊಳ್ಳುವವರು ಕೇಳುವುದು ಮೇಲು. ಮಂಡ್ಯ, ಮೈಸೂರಿನವರಿಗಂತೂ ಆಲೆಮನೆ ದೂರವೇನಲ್ಲ. ಕೊಪ್ಪರಿಗೆಯ ಪಕ್ಕದಲ್ಲೇ ನಿಂತು ನೋಡಬಹುದು. ನಿಮ್ಮ ಬರಹದ ಮುಂದಿನ ಭಾಗದಲ್ಲಿ ಈ ಮಾತು ಬಂದರೆ ನನ್ನಂಥವರು ನೂರು ಸಲ ಹೇಳಿದ್ದಕ್ಕಿಂತ ಹೆಚ್ಚು ಜನಕ್ಕೆ ಮುಟ್ಟುತ್ತದೆ.

ಕೊನೆಗೆ ಒಂದು ಸಂದೇಹ, ಇದಕ್ಕೆ ಉತ್ತರ ನಿಮ್ಮಿಂದಲೇ ಸಿಗಬೇಕು. ಹೈಡ್ರೋಸ್ ಹಾಕಿದ ಹಳದಿ ಬೆಲ್ಲ ಇಟ್ಟಲ್ಲೇ ಕೆಲವು ತಿಂಗಳಿಗೆ ಕಪ್ಪಾಗುವುದನ್ನು ನೋಡುತ್ತಲೇ ಇದ್ದೇವೆ. ಬಣ್ಣ ಮರಳುವಾಗ ಅದರಲ್ಲಿ ಉಳಿದ ಗಂಧಕದ ಅಂಶವೂ ಇಳಿಯುತ್ತದೆಯೇ? ಇಳಿಯುವುದಾದರೆ ಅಂಗಡಿಯಲ್ಲಿ ಆರು ತಿಂಗಳು ಕೂತ ಬೆಲ್ಲದ ಮಾದರಿ ಪರೀಕ್ಷೆಯಲ್ಲಿ ಪಾಸಾಗಿ, ಆಲೆಮನೆಯಿಂದ ನಿನ್ನೆ ಬಂದದ್ದು ಫೇಲಾಗಬಹುದಲ್ಲವೇ? ಹಾಗಿದ್ದರೆ ಮಾದರಿಯನ್ನು ಎಲ್ಲಿ, ಯಾವಾಗ ತೆಗೆಯಬೇಕು?

ಆ ಎರಡು ಕೊಪ್ಪರಿಗೆಯ ಅಚ್ಚುಗಳನ್ನು ಗಾಜಿನ ಡಬ್ಬಿಯಲ್ಲಿ ಎತ್ತಿಟ್ಟಿದ್ದೇನೆ. ಮುಂದಿನ ವಾರ ಮೈಸೂರಿಗೆ ಬರುವುದಿದೆ. ನೀವು ಒಪ್ಪಿದರೆ ಎರಡನ್ನೂ ತಂದು ಕೊಡುತ್ತೇನೆ.