ರಾತ್ರಿ ಪಾಳಿಯ ಸಂಗಾತಿಗಳಿಗೆ

ಬ್ಯಾಂಕ್ ಸಹಾಯವಾಣಿಯ ಕಲಬುರಗಿ ಕೇಂದ್ರದ ರಾತ್ರಿ ತಂಡದ ಎಲ್ಲ ಗೆಳೆಯ ಗೆಳತಿಯರಿಗೆ ನಮಸ್ಕಾರ.

ಈ ಶನಿವಾರ ಬೆಳಿಗ್ಗೆ ಆರಕ್ಕೆ ಲಾಗ್ ಔಟ್ ಆದ ಮೇಲೆ ನಾನು ನಿಮ್ಮ ಟೀಮ್ ಲೀಡರ್ ಆಗಿ ಉಳಿಯುವುದಿಲ್ಲ. ಆಳಂದದ ಸಹಕಾರಿ ಸಂಘವೊಂದರಲ್ಲಿ ಹಗಲು ಕೆಲಸ ಸಿಕ್ಕಿದೆ, ಅವ್ವನ ಕಣ್ಣು ಮಂಜಾಗಿದೆ, ರಾತ್ರಿ ಮನೆಯಲ್ಲಿ ಒಬ್ಬರು ಇರಬೇಕಾಗಿದೆ. ಹೊರಡುವ ಕಾರಣ ಇಷ್ಟೇ. ಇಲ್ಲಿ ಯಾರ ಮೇಲೂ ನನಗೆ ಮುನಿಸಿಲ್ಲ ಎಂಬುದನ್ನು ಈ ಪತ್ರದಲ್ಲಿ ಬರೆದಿಡುತ್ತಿದ್ದೇನೆ, ಏಕೆಂದರೆ ಪ್ಯಾಂಟ್ರಿಯಲ್ಲಿ ಈಗಾಗಲೇ ಮೂರು ಬಗೆಯ ಕಥೆಗಳು ಓಡಾಡುತ್ತಿವೆ ಎಂದು ಇಮ್ರಾನ್ ಹೇಳಿದ್ದಾರೆ. ಮೂರನೆಯ ಕಥೆ ನನಗೂ ಇಷ್ಟವಾಯಿತು, ಆದರೆ ಅದು ಸುಳ್ಳು.

2019ರಲ್ಲಿ ನಾನು ಈ ಪಾಳಿಗೆ ಬಂದಾಗ ನಾವು ಆರು ಜನರಿದ್ದೆವು, ಈಗ ಹದಿನಾಲ್ಕು ಜನ. ಮರುವರ್ಷದ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಊರಿನಿಂದಲೇ ವರದಿಯಾಯಿತು. ಆ ದಿನಗಳಲ್ಲಿ ಮೈಸೂರು, ಮಂಗಳೂರುಗಳಿಂದ ಕರೆ ಮಾಡಿದವರು ನಮ್ಮ ಮಾತಿನ ಧಾಟಿಯಿಂದಲೇ ಊರನ್ನು ಗುರುತಿಸಿ, ಕಾರ್ಡಿನ ವಿಷಯ ಬಿಟ್ಟು ನಮ್ಮ ಕ್ಷೇಮ ವಿಚಾರಿಸುತ್ತಿದ್ದರು. ಅದೇ ತಿಂಗಳ ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ಅವಕಾಶ ಕೊಟ್ಟಾಗ, ಕಂತು ಮುಂದೆ ಹೋಗುತ್ತದೆಯೇ ಹೊರತು ಮನ್ನಾ ಆಗುವುದಿಲ್ಲ, ಬಡ್ಡಿ ಏರುತ್ತಲೇ ಇರುತ್ತದೆ ಎಂಬುದನ್ನು ರಾತ್ರಿಯಿಡೀ ಹೇಳಿ ಹೇಳಿ ನಮ್ಮ ಗಂಟಲು ಕಟ್ಟಿತ್ತು. ಅಂದಿನ ಆರು ಜನರಲ್ಲಿ ಈಗ ಉಳಿದಿರುವವರು ಮಹಾದೇವಿ ಮತ್ತು ನಾನು ಇಬ್ಬರೇ. ಈ ಪತ್ರದ ಮುಖ್ಯ ಮಾತು ಮಹಾದೇವಿಯವರಿಗೆ ಸಂಬಂಧಿಸಿದ್ದು. ಅದನ್ನು ಎಲ್ಲರ ಎದುರಿಗೇ ಹೇಳಬೇಕಾಗಿದೆ.

ಎರಡು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳ ಒಂದು ರಾತ್ರಿ ಎರಡೂ ಮುಕ್ಕಾಲಿನ ಸುಮಾರಿಗೆ, ಅಫಜಲಪುರ ತಾಲ್ಲೂಕಿನ ಒಬ್ಬ ಹಿರಿಯರು ಬಸ್ ನಿಲ್ದಾಣದಲ್ಲಿ ಎಟಿಎಂ ಕಾರ್ಡ್ ಕಳೆದುಕೊಂಡಿದ್ದೇನೆಂದು ಕರೆ ಮಾಡಿದರು. ಮಹಾದೇವಿ ನಾಲ್ಕು ನಿಮಿಷದೊಳಗೆ ಕಾರ್ಡನ್ನು ಬ್ಲಾಕ್ ಮಾಡಿ, ದೂರಿನ ಸಂಖ್ಯೆಯನ್ನು ಹೇಳಿದ್ದರು. ನಿಯಮದ ಪ್ರಕಾರ ಕರೆ ಅಲ್ಲಿಗೆ ಮುಗಿಯಬೇಕಿತ್ತು. ಅದು ನಲವತ್ತೊಂದು ನಿಮಿಷ ನಡೆಯಿತು. ಕ್ಯೂನಲ್ಲಿ ಏಳು ಜನ ಕಾಯುತ್ತಿದ್ದರು, ಗೋಡೆಯ ಮೇಲಿನ ಪರದೆಯಲ್ಲಿ ಅವರ ಸೀಟು ಕೆಂಪಾಗಿತ್ತು, ನಾನು ಎರಡು ಸಲ ಅವರ ಬೆನ್ನ ಹಿಂದೆ ಹೋಗಿ ನಿಂತು ಕೈಗಡಿಯಾರ ತೋರಿಸಿದೆ. ಅವರು ತಲೆಯೆತ್ತಲಿಲ್ಲ. ಆ ತಿಂಗಳು ಒಂದು ಕರೆಗೆ ಹಿಡಿಯುವ ನಮ್ಮ ಸರಾಸರಿ ಸಮಯ, ಅಂದರೆ ಎಎಚ್‌ಟಿ, ಮೊದಲೇ ಮಿತಿ ದಾಟಿತ್ತು. ಮೇಲಿನವರಿಗೆ ಉತ್ತರ ಕೊಡಬೇಕಾದವನು ನಾನು. ಬೆಳಗಾಗುವ ಮೊದಲೇ ಎಚ್ಚರಿಕೆಯ ಪತ್ರ ಬರೆದು ಅವರ ಕೈಗಿತ್ತೆ. ಆ ಕರೆಯನ್ನು ಕೇಳಿಸಿಕೊಳ್ಳುವ ಕೆಲಸವನ್ನು ಮಾತ್ರ ಮಾಡಲಿಲ್ಲ.

ಒಂದು ವಾರದ ನಂತರ ಕ್ವಾಲಿಟಿಯವರು ಆ ಧ್ವನಿಮುದ್ರಣವನ್ನು ನನ್ನ ಮುಂದಿಟ್ಟರು. ಕಾರ್ಡ್ ಬ್ಲಾಕ್ ಆದ ಮೇಲೂ ಆ ಹಿರಿಯರು ಫೋನ್ ಇಡಲೊಲ್ಲದೆ, ಮಗ ಬೈಯುತ್ತಾನೆ ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಮಹಾದೇವಿ ಅವರನ್ನು ತಡೆಯದೆ, ‘ಹೇಳ್ರಿ ಕಾಕಾ’ ಎಂದಷ್ಟೇ ಅಂದು ಸುಮ್ಮನಿದ್ದರು. ಒಂಬತ್ತನೇ ನಿಮಿಷದಲ್ಲಿ ಅವರ ಬಾಯಿಂದ ಒಂದು ಮಾತು ಜಾರಿತು: ಸಂಜೆ ಯಾರೋ ‘ಸಾಹೇಬರು’ ಫೋನ್ ಮಾಡಿ, ಕಳೆದ ಕಾರ್ಡಿನ ಬದಲು ಹೊಸದನ್ನು ಕೊಡಿಸುತ್ತೇವೆಂದು ಅವರ ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಸಿದ್ದರು. ಅಂದರೆ ಕಾರ್ಡ್ ಬ್ಲಾಕ್ ಆಗಿದ್ದರೂ ಅವರ ಮೊಬೈಲ್ ಪರದೆ ಇನ್ನೊಬ್ಬರ ಕಣ್ಣಮುಂದೆ ತೆರೆದೇ ಇತ್ತು. ಉಳಿದ ಮೂವತ್ತೆರಡು ನಿಮಿಷಗಳಲ್ಲಿ ಮಹಾದೇವಿ ಮೊಬೈಲ್ ಬ್ಯಾಂಕಿಂಗ್ ಮತ್ತು ಯುಪಿಐಯನ್ನು ನಿಲ್ಲಿಸಿದರು, ಓದಲು ಬಾರದ ಆ ಹಿರಿಯರಿಗೆ ಪಕ್ಕದ ಮನೆಯ ಹುಡುಗನನ್ನು ಎಬ್ಬಿಸಲು ಹೇಳಿದರು, ಆ ಹುಡುಗನಿಂದ ಇಂಟರ್‌ನೆಟ್ ಬಂದ್ ಮಾಡಿಸಿ ಆ್ಯಪ್ ತೆಗೆಸಿದರು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಏನು ಹೇಳಬೇಕೆಂಬುದನ್ನು ಅವನಿಗೆ ಎರಡು ಬಾರಿ ಒಪ್ಪಿಸಲು ಹಚ್ಚಿದರು. ಖಾತೆಯಲ್ಲಿದ್ದದ್ದು ತೊಗರಿ ಮಾರಿದ ರೊಕ್ಕ. ಒಂದು ರೂಪಾಯಿಯೂ ಹೋಗಲಿಲ್ಲ.

ನಾನು ಆ ಎಚ್ಚರಿಕೆಯ ಪತ್ರವನ್ನು ಕಡತದಿಂದ ಸದ್ದಿಲ್ಲದೆ ತೆಗೆಸಿದೆ. ಮಹಾದೇವಿಯವರಿಗೆ ಕಾರಿಡಾರಿನಲ್ಲಿ ‘ಅದು ಮುಗಿಯಿತು’ ಎಂದೆ. ಎಲ್ಲರ ಎದುರು ಕೊಟ್ಟ ಪತ್ರವನ್ನು ಎಲ್ಲರ ಎದುರಿಗೇ ಹಿಂಪಡೆಯಬೇಕಿತ್ತು, ಅದನ್ನು ಮಾಡುವ ಧೈರ್ಯ ಅಂದು ನನಗೆ ಬರಲಿಲ್ಲ. ಅಂದಿನಿಂದ ಹೊಸಬರು ಕೆಲವರು ‘ಮಹಾದೇವಿ ಅಕ್ಕಾರು ಕರೆ ಎಳೀತಾರ’ ಎಂದು ನಗುವುದನ್ನು ಕೇಳಿದಾಗಲೂ ಸುಮ್ಮನಿದ್ದೆ. ಮಹಾದೇವಿಯವರೇ, ಆ ಪತ್ರ ತಪ್ಪು. ಅದನ್ನು ಬರೆದದ್ದು ನನ್ನ ತಪ್ಪು, ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಿ.

ಇದರ ಅರ್ಥ ಇನ್ನು ಮುಂದೆ ಸಮಯ ನೋಡಬೇಡಿ ಎಂದಲ್ಲ. ನಮ್ಮ ಕೆಲಸದಲ್ಲಿ ಸಮಯಕ್ಕೆ ಬೆಲೆಯಿರುವುದು ಪರದೆಯ ಮೇಲಿನ ಸರಾಸರಿಯಲ್ಲಿ ಅಲ್ಲ, ಕರೆಯ ಆರಂಭದಲ್ಲಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯನ್ನು ತರಬೇತಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ: ಗ್ರಾಹಕರದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ, ಅವರೇ ಒಟಿಪಿ ಹೇಳಿ ಮೋಸಹೋಗಿದ್ದರೂ, ನಮಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ಅಳುತ್ತಿರುವವರನ್ನು ಹುಟ್ಟಿದ ದಿನಾಂಕ, ತಾಯಿಯ ಹೆಸರು ಎಂದು ನಿಧಾನವಾಗಿ ಕೇಳುತ್ತಾ ಕೂರದೆ, ಗುರುತಿಗೆ ಬೇಕಾದಷ್ಟನ್ನು ಕೇಳಿ, ಮೊದಲು ಬ್ಲಾಕ್ ಮಾಡಿ, ದೂರನ್ನು ದಾಖಲಿಸಿ, ಆಮೇಲೆ ಕಥೆಗೆ ಕಿವಿಗೊಡಿ. ಹನ್ನೊಂದೂ ಮುಕ್ಕಾಲರಿಂದ ಹನ್ನೆರಡೂ ಕಾಲರವರೆಗೆ ಯಾರೂ ಬ್ರೇಕ್ ತೆಗೆದುಕೊಳ್ಳಬೇಡಿ ಎಂದು ನಾನು ಹಟ ಹಿಡಿಯುತ್ತಿದ್ದದ್ದಕ್ಕೆ ನೀವು ಬೈದುಕೊಂಡಿದ್ದೀರಿ. ಕಾರ್ಡಿನ ದಿನದ ಮಿತಿ ಮಧ್ಯರಾತ್ರಿಗೆ ಹೊಸದಾಗಿ ತೆರೆಯುವುದರಿಂದ ಹನ್ನೆರಡಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಹಣ ಎಳೆಯುವವರನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಆ ಅರ್ಧ ಗಂಟೆಯಲ್ಲಿ ಎತ್ತಿದ ಒಂದು ಕರೆ ಎರಡನೆಯ ಎಳೆತವನ್ನು ತಪ್ಪಿಸುತ್ತದೆ. ಈ ಒಂದು ಹಟವನ್ನು ನಾನು ಹೋದ ಮೇಲೂ ಉಳಿಸಿಕೊಳ್ಳಿ, ಚಹಾ ಹನ್ನೆರಡೂವರೆಗೂ ಬಿಸಿಯಾಗಿಯೇ ಇರುತ್ತದೆ.

ಭಾಷೆಯ ಬಗ್ಗೆಯೂ ಒಂದು ಮಾತು. ತರಬೇತಿ ಕೊಡಲು ಬಂದವರು ‘ರೀ’ ಹಚ್ಚಿ ಮಾತನಾಡುವುದು ಒರಟಾಗಿ ಕೇಳುತ್ತದೆ ಎಂದು ನಮ್ಮ ಅಂಕ ಕಡಿತ ಮಾಡಿದ ಕಾಲವಿತ್ತು. ನಮ್ಮ ಕಡೆ ‘ರೀ’ ಇಲ್ಲದ ಮಾತೇ ಒರಟು ಎಂದು ತಿಳಿಸಲು ನಾಲ್ಕು ಸಭೆಗಳು ಬೇಕಾದವು. ಇಮ್ರಾನ್ ಬೀದರಿನ ಅಜ್ಜಿಯೊಬ್ಬರ ಜೊತೆ ದಖನಿಯಲ್ಲಿ, ಸುಜಾತಾ ಸೇಡಂ ಗಡಿಯವರ ಜೊತೆ ತೆಲುಗಿನಲ್ಲಿ, ಶರಣು ಔರಾದಿನವರ ಜೊತೆ ಮರಾಠಿಯಲ್ಲಿ ಒಂದೇ ರಾತ್ರಿ ಮಾತನಾಡಿ, ಮರುಕ್ಷಣವೇ ಚಾಮರಾಜನಗರದವರಿಗೆ ಅವರಿಗೆ ತಿಳಿಯುವ ಕನ್ನಡದಲ್ಲಿ ಉತ್ತರಿಸುವುದನ್ನು ನಾನು ನೋಡಿದ್ದೇನೆ. ಇದು ಯಾವ ಅಂಕಪಟ್ಟಿಯಲ್ಲೂ ಇಲ್ಲ. ರಂಜಾನಿನ ತಿಂಗಳಲ್ಲಿ ಸಹರಿಯ ಹೊತ್ತಿಗೆ ನಿಮ್ಮ ಬ್ರೇಕುಗಳನ್ನು ನೀವೇ ಅದಲುಬದಲು ಮಾಡಿಕೊಂಡದ್ದಾಗಲಿ, ಹೋಳಿಯ ನಂತರ ಶರಣಬಸವೇಶ್ವರರ ಜಾತ್ರೆಯ ರಾತ್ರಿ ಕ್ಯಾಬ್ ಜನಸಂದಣಿಯಲ್ಲಿ ಸಿಕ್ಕಿಕೊಂಡಾಗ ಹೊರಡಬೇಕಿದ್ದ ಸಂಜೆ ಪಾಳಿಯವರು ತಾವಾಗಿಯೇ ಒಂದು ಗಂಟೆ ಹೆಚ್ಚು ಕುಳಿತದ್ದಾಗಲಿ ನನ್ನ ರೋಸ್ಟರಿನಲ್ಲಿ ಬರೆದದ್ದಲ್ಲ.

ಫ್ಲೋರಿನೊಳಗೆ ಪೆನ್ನು, ಕಾಗದ, ಮೊಬೈಲ್ ತರುವಂತಿಲ್ಲವಾದ್ದರಿಂದ ಪ್ಯಾಂಟ್ರಿಯ ಎಡಗಡೆ ಡ್ರಾಯರಿನಲ್ಲಿ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಯಾವ ಗ್ರಾಹಕರ ಹೆಸರೂ ಸಂಖ್ಯೆಯೂ ಇಲ್ಲ. ಅವರು ಆಡುವ ಮಾತುಗಳು ಮಾತ್ರ ಇವೆ. ‘ಮಷೀನ್ ಕಾರ್ಡ್ ನುಂಗ್ಯಾದ’ ಎಂದರೆ ಎಟಿಎಂನಲ್ಲಿ ಕಾರ್ಡ್ ಸಿಕ್ಕಿಕೊಂಡಿದೆ. ‘ರೊಕ್ಕ ಕಟ್ಟಾಗ್ಯಾವ, ಕೈಗ ಬಂದಿಲ್ಲ’ ಎಂದರೆ ಖಾತೆಯಿಂದ ಹಣ ಹೋಗಿದೆ, ಯಂತ್ರ ನೋಟು ಕೊಟ್ಟಿಲ್ಲ; ಅದು ಮೋಸದ ದೂರಲ್ಲ, ಬೇರೆ ಕೋಡಿನಲ್ಲಿ ದಾಖಲಿಸಬೇಕು. ‘ಸಾಹೇಬ್ರು ಫೋನ್ ಮಾಡಿದ್ರು’ ಎಂಬ ಮಾತಿನ ಕೆಳಗೆ ನಾನು ಕೆಂಪು ಗೆರೆ ಎಳೆದಿದ್ದೇನೆ, ಏಕೆಂದು ಈಗ ಎಲ್ಲರಿಗೂ ಗೊತ್ತು. ಅರವತ್ತೆರಡು ಪುಟ ತುಂಬಿದೆ, ಮುಂದಿನದನ್ನು ಶರಣು ಬರೆಯುತ್ತಾರೆ.

ಸೋಮವಾರದಿಂದ ಈ ಪಾಳಿಯನ್ನು ಮಹಾದೇವಿ ನೋಡಿಕೊಳ್ಳುತ್ತಾರೆ. ಈ ಆಯ್ಕೆ ನನ್ನ ಶಿಫಾರಸಿನಿಂದ ಆಗಿದೆ, ಆದರೆ ಕ್ಷಮೆಯ ಬದಲು ಕೊಟ್ಟ ಕಾಣಿಕೆ ಎಂದು ಯಾರೂ ತಿಳಿಯಬಾರದು. ಕಳೆದ ಒಂದು ವರ್ಷದಿಂದ ಕಷ್ಟದ ಎಸ್ಕಲೇಷನ್ ಬಂದಾಗ ನಾನೇ ಅವರ ಸೀಟಿನ ಬಳಿಗೆ ಎದ್ದು ಹೋಗುತ್ತಿದ್ದೆ ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯವೇ.

ಕೊನೆಗೆ ಕ್ಯಾಬಿನ ವಿಷಯ. ಮನೆ ಬದಲಾಯಿಸಿದ ಇಬ್ಬರಿಗಾಗಿ ಸೇಡಂ ರಸ್ತೆಯ ಗಾಡಿ ಸೋಮವಾರದಿಂದ ರಾತ್ರಿ 9.10ಕ್ಕೇ ಹೊರಡುತ್ತದೆ. ಬೆಳಗಿನ ಹೊತ್ತು ಮೊದಲಿನಂತೆಯೇ ಯಾವ ಹೆಣ್ಣುಮಗಳೂ ಕೊನೆಯವಳಾಗಿ ಒಬ್ಬಳೇ ಇಳಿಯುವಂತೆ ಆಗಬಾರದು, ಚಾಲಕರಿಗೆ ಹೇಳಿದ್ದೇನೆ. ಶನಿವಾರ ಬೆಳಿಗ್ಗೆ ಅವ್ವ ಕಟ್ಟಿಕೊಡುವ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಪ್ಯಾಂಟ್ರಿಯಲ್ಲಿ ಇರುತ್ತವೆ. ಕ್ಯೂ ಖಾಲಿಯಾದವರು ಮೊದಲು ಬನ್ನಿ, ಕರೆಯಲ್ಲಿರುವವರ ಪಾಲನ್ನು ಮುಚ್ಚಿಡುತ್ತೇನೆ.

ನಿಮ್ಮ,
ಬಸವರಾಜ
ಟೀಮ್ ಲೀಡರ್, ರಾತ್ರಿ ಪಾಳಿ
ಕಲಬುರಗಿ